ಚಕ್ಕುಲಿ ಒತ್ತಿದ್ದು ಅಂಗೈ, ನೋವು ಮೊಣಕೈಗೆ ಯಾಕೆ?

ದಸರಾ ಮುಗಿದ ವಾರ ಒಬ್ಬ ಅಕ್ಕ ನಮ್ಮ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬಂದರು. ವಯಸ್ಸು 46. ಮನೆಯಲ್ಲೇ ಚಕ್ಕುಲಿ, ಕೋಡುಬಳೆ, ತೇಂಗೊಳಲು ಮಾಡಿ ಆರ್ಡರ್ ಮೇಲೆ ಕೊಡುತ್ತಾರೆ. ಗೌರಿ ಗಣೇಶ ಹಬ್ಬಕ್ಕೆ ಆರ್ಡರ್ ಜಾಸ್ತಿ ಬಂದಿತ್ತು. ಹತ್ತು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಹಿತ್ತಾಳೆಯ ತಿರುಗಿಸುವ ಒರಳಿನಲ್ಲಿ ಚಕ್ಕುಲಿ ಒತ್ತಿದ್ದರು. ಹಬ್ಬ ಮುಗಿದ ಮೇಲೆ ಬಲಗೈ ಮೊಣಕೈ ನೋಯಲು ಶುರುವಾಯಿತು. ತಾನೇ ಹೋಗುತ್ತದೆ ಅಂತ ಸುಮ್ಮನಿದ್ದರು. ಎಣ್ಣೆ ಹಚ್ಚಿ ನೀವಿಸಿಕೊಂಡರು. ಐದು ವಾರ ಕಳೆದರೂ ಹೋಗಲಿಲ್ಲ.

“ಎಲ್ಲೂ ಬಿದ್ದಿಲ್ಲ ಮೇಡಂ, ಏಟೂ ತಾಗಿಲ್ಲ. ಬಿಂದಿಗೆ ಎತ್ತಿದ್ರೆ ನೋವು ಅಂದ್ರೆ ಒಪ್ಕೊಳ್ಳೋಣ. ಕಾಫಿ ಲೋಟ ಎತ್ತಿದ್ರೂ ಜೀವ ಹೋಗುತ್ತೆ. ಇಕ್ಕಳದಲ್ಲಿ ಹಾಲಿನ ಪಾತ್ರೆ ಇಳಿಸೋಕಂತೂ ಆಗೋದೇ ಇಲ್ಲ” ಅಂದರು.

ನೋವು ಎಲ್ಲಿ ತೋರಿಸಿ ಅಂದೆ. ಒಂದೇ ಬೆರಳಿಟ್ಟು ತೋರಿಸಿದರು. ಮೊಣಕೈಯ ಹೊರಬದಿಯಲ್ಲಿ ಒಂದು ಮೂಳೆ ಉಬ್ಬಿಕೊಂಡಿರುತ್ತದಲ್ಲ, ಅದರ ಮೇಲೆ, ಸ್ವಲ್ಪ ಮುಂದಕ್ಕೆ. ಹೀಗೆ ಒಂದೇ ಬೆರಳಿನಲ್ಲಿ ಜಾಗ ತೋರಿಸುವುದು ಒಳ್ಳೆಯ ಸುಳಿವು. ಕತ್ತಿನಿಂದ ಇಳಿದು ಬರುವ ನೋವಾಗಿದ್ದರೆ ಜನ ಇಡೀ ಅಂಗೈಯಿಂದ ತೋಳನ್ನು ಸವರಿ ತೋರಿಸುತ್ತಾರೆ.

ಇದಕ್ಕೆ ಟೆನ್ನಿಸ್ ಎಲ್ಬೋ ಅನ್ನುತ್ತಾರೆ ಅಂದಾಗ ಅವರಿಗೆ ಆಶ್ಚರ್ಯ. ಟೆನ್ನಿಸ್ ಬ್ಯಾಟನ್ನು ಅವರು ಕೈಯಲ್ಲಿ ಹಿಡಿದವರೇ ಅಲ್ಲ. 1880ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯರು ಹುಲ್ಲಿನ ಅಂಗಳದಲ್ಲಿ ಟೆನ್ನಿಸ್ ಆಡುವವರಲ್ಲಿ ಈ ನೋವು ಕಂಡು ಈ ಹೆಸರಿಟ್ಟರು, ಹೆಸರು ಉಳಿದುಕೊಂಡಿತು. ನಮ್ಮಲ್ಲಿ ಹೆಚ್ಚಿನವರು ಈ ಹೆಸರು ಕೇಳಿದ್ದು ಸಚಿನ್ ತೆಂಡೂಲ್ಕರ್ ಅವರಿಂದ. 2004ರಲ್ಲಿ ಆಸ್ಟ್ರೇಲಿಯಾ ವಿರುದ್ಧದ ಬೆಂಗಳೂರು ಟೆಸ್ಟನ್ನು ಅವರು ಇದೇ ನೋವಿನಿಂದ ತಪ್ಪಿಸಿಕೊಂಡರು. ಆದರೆ ನನ್ನ ಬಳಿ ಬರುವವರಲ್ಲಿ ಆಟಗಾರರು ತೀರಾ ಕಡಿಮೆ. ಬಡಗಿ, ಗಾರೆ ಕೆಲಸದವರು, ಕತ್ತರಿ ಹಿಡಿಯುವ ಟೈಲರ್, ದಿನವಿಡೀ ಸ್ಕ್ರೂಡ್ರೈವರ್ ತಿರುಗಿಸುವ ಎಲೆಕ್ಟ್ರಿಷಿಯನ್, ಬಟ್ಟೆ ಹಿಂಡುವವರು, ಇವರೇ ಹೆಚ್ಚು. ವಯಸ್ಸು ಸಾಮಾನ್ಯವಾಗಿ 35ರಿಂದ 55ರ ನಡುವೆ.

ಹಿಡಿಯುವುದು ಬೆರಳು, ದುಡಿಯುವುದು ಮುಂಗೈಯ ಹಿಂಬದಿ

ಅಕ್ಕನ ಮೊದಲ ಪ್ರಶ್ನೆಯೇ ಇದು. ಒರಳು ಹಿಡಿದದ್ದು ಅಂಗೈ, ತಿರುಗಿಸಿದ್ದು ಮಣಿಕಟ್ಟು. ಮೊಣಕೈ ಏನು ತಪ್ಪು ಮಾಡಿತ್ತು?

ಇದನ್ನು ನೀವೇ ಮಾಡಿ ನೋಡಬಹುದು. ಬಲಗೈಯನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಇಡಿ. ಎಡಗೈ ಬೆರಳುಗಳನ್ನು ಬಲಗೈಯ ಮೊಣಕೈಗಿಂತ ಸ್ವಲ್ಪ ಕೆಳಗೆ, ಹೊರಬದಿಯ ಮಾಂಸದ ಮೇಲೆ ಇಡಿ. ಈಗ ಬಲಗೈ ಮುಷ್ಟಿ ಬಿಗಿಯಿರಿ. ಬೆರಳಿನ ಕೆಳಗೆ ಮಾಂಸ ಗಟ್ಟಿಯಾಗಿ ಉಬ್ಬುವುದು ಗೊತ್ತಾಗುತ್ತದೆ. ನೀವು ಮಡಚಿದ್ದು ಬೆರಳನ್ನು. ಆದರೆ ಉಬ್ಬಿದ್ದು ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯು.

ಕಾರಣ ಸರಳ. ಬೆರಳು ಮಡಚುವ ಸ್ನಾಯುಗಳು ಮುಂಗೈಯ ಒಳಬದಿಯಲ್ಲಿವೆ. ಅವುಗಳ ಹುರಿಗಳು ಮಣಿಕಟ್ಟನ್ನು ದಾಟಿ ಬೆರಳಿಗೆ ಹೋಗುತ್ತವೆ. ಅವು ಜೋರಾಗಿ ಎಳೆದಾಗ ಬೆರಳಷ್ಟೇ ಅಲ್ಲ, ಮಣಿಕಟ್ಟೂ ಒಳಕ್ಕೆ ಬಾಗಬೇಕು. ಹಾಗೆ ಬಾಗಿದರೆ ಹಿಡಿತವೇ ಸಡಿಲವಾಗುತ್ತದೆ. ಬೇಕಾದರೆ ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಮಡಚಿಕೊಂಡು ಮುಷ್ಟಿ ಬಿಗಿಯಲು ಪ್ರಯತ್ನಿಸಿ, ಶಕ್ತಿಯೇ ಬರುವುದಿಲ್ಲ. ಆದ್ದರಿಂದ ನಾವು ಏನನ್ನಾದರೂ ಬಿಗಿಯಾಗಿ ಹಿಡಿದಾಗಲೆಲ್ಲ ಹಿಂಬದಿಯ ಸ್ನಾಯುಗಳು ಮಣಿಕಟ್ಟನ್ನು ಅಲುಗದಂತೆ ಹಿಡಿದು ನಿಲ್ಲಿಸುತ್ತವೆ. ನಮಗೆ ಅದು ಗೊತ್ತೇ ಆಗುವುದಿಲ್ಲ.

ಈ ಹಿಂಬದಿಯ ಸ್ನಾಯುಗಳ ಬೇರು ಇರುವುದು ಮೊಣಕೈಯ ಹೊರಗಿನ ಆ ಮೂಳೆಯ ಉಬ್ಬಿನಲ್ಲಿ. ಹಲವು ಸ್ನಾಯುಗಳು ಒಂದೇ ಚಿಕ್ಕ ಜಾಗದಲ್ಲಿ ಅಂಟಿಕೊಂಡಿವೆ. ಸ್ನಾಯು ಮೂಳೆಗೆ ಅಂಟುವ ಗಟ್ಟಿ ಹುರಿಗೆ ಟೆಂಡನ್ ಅನ್ನುತ್ತಾರೆ. ಟೆನ್ನಿಸ್ ಎಲ್ಬೋದಲ್ಲಿ ಹೆಚ್ಚಾಗಿ ಕೆಡುವುದು ಅವುಗಳಲ್ಲಿ ಒಂದೇ ಟೆಂಡನ್. ಅದರ ಇನ್ನೊಂದು ತುದಿ ಅಂಗೈ ಹಿಂಬದಿಯಲ್ಲಿ, ಮಧ್ಯದ ಬೆರಳಿನ ಸಾಲಿನ ಮೂಳೆಯ ಬುಡಕ್ಕೆ ಸೇರುತ್ತದೆ. ಹಾಗಾಗಿಯೇ ನಾವು ಪರೀಕ್ಷೆ ಮಾಡುವಾಗ ಮೊಣಕೈ ನೀಟಾಗಿ ಚಾಚಿಸಿ, ಮಧ್ಯದ ಬೆರಳನ್ನು ಮೇಲೆತ್ತಿ ಅಂತ ಹೇಳಿ ಅದನ್ನು ಕೆಳಕ್ಕೆ ಒತ್ತುತ್ತೇವೆ. ಒತ್ತಿದ್ದು ಬೆರಳನ್ನು, ಚುಚ್ಚಿದ್ದು ಮೊಣಕೈಯಲ್ಲಿ ಅಂದರೆ ಅನುಮಾನ ಬಹುತೇಕ ನಿಜ.

ಕಾಫಿ ಲೋಟದ ರಹಸ್ಯವೂ ಇದೇ. ಲೋಟದ ಅಂಚನ್ನು ಮೇಲಿನಿಂದ ಹಿಡಿದು ಎತ್ತಿದಾಗ ಅಂಗೈ ಕೆಳಗೆ ನೋಡುತ್ತಿರುತ್ತದೆ. ಆಗ ಲೋಟದ ತೂಕಕ್ಕೆ ಮಣಿಕಟ್ಟು ಕೆಳಕ್ಕೆ ಜೋಲದಂತೆ ತಡೆಯುವುದು ಹಿಂಬದಿಯ ಸ್ನಾಯು. ಅದೇ ಲೋಟವನ್ನು ತಳಕ್ಕೆ ಅಂಗೈ ಕೊಟ್ಟು ಎತ್ತಿದರೆ ಭಾರ ಒಳಬದಿಯ ಸ್ನಾಯುವಿನ ಮೇಲೆ ಬೀಳುತ್ತದೆ. ಇನ್ನು ಇಕ್ಕಳ. ಬಿಸಿ ಪಾತ್ರೆ ಜಾರಬಾರದು ಅಂತ ಗಟ್ಟಿಯಾಗಿ ಅದುಮಬೇಕು, ಪಾತ್ರೆ ಮೈಯಿಂದ ದೂರ, ಕೈ ಚಾಚಿಕೊಂಡಿರುತ್ತದೆ. ಆ ಟೆಂಡನ್ನಿಗೆ ಅಡುಗೆಮನೆಯಲ್ಲಿ ಇದಕ್ಕಿಂತ ಕಷ್ಟದ ಕೆಲಸ ಇಲ್ಲ.

ಒಳಗೆ ಏನಾಗಿದೆ

ಬಹಳ ಕಾಲ ಇದನ್ನು ಉರಿಯೂತ ಅಂತಲೇ ತಿಳಿದಿದ್ದರು. ಊತ ಇದೆ, ಅದನ್ನು ಇಳಿಸಿದರೆ ಆಯಿತು ಅನ್ನುವ ಲೆಕ್ಕ. 1979ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ರಾಬರ್ಟ್ ನಿರ್ಷಲ್ ಮತ್ತು ಅವರ ಸಹೋದ್ಯೋಗಿ, ಆಪರೇಷನ್ ಮಾಡಿ ತೆಗೆದ ಟೆಂಡನ್ನಿನ ತುಣುಕುಗಳನ್ನು ನೋಡಿ ಬರೆದದ್ದು ಬೇರೆಯೇ ಚಿತ್ರ. ಉರಿಯೂತದಲ್ಲಿ ಕಾಣುವ ಜೀವಕೋಶಗಳು ಅಲ್ಲಿ ಹೆಚ್ಚು ಇರಲಿಲ್ಲ. ಅದರ ಬದಲು ಎಳೆಗಳು ದಿಕ್ಕುಗೆಟ್ಟಿದ್ದವು. ಹೊಸ ಚಿಕ್ಕ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದಿದ್ದವು.

ಬಾವಿಯ ಹಗ್ಗ ನೆನೆಸಿಕೊಳ್ಳಿ. ಹೊಸದರಲ್ಲಿ ಎಲ್ಲ ಎಳೆಗಳೂ ಒಂದೇ ದಿಕ್ಕಿಗೆ ಹೊಸೆದುಕೊಂಡಿರುತ್ತವೆ. ರಾಟೆಯ ಮೇಲೆ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಅಲ್ಲಿ ಎಳೆ ಬಿಚ್ಚಿಕೊಂಡು ನಾರು ನಾರಾಗುತ್ತದೆ. ಹಗ್ಗ ತುಂಡಾಗಿಲ್ಲ, ಆದರೆ ಮೊದಲಿನಷ್ಟು ಭಾರ ತಡೆಯುವುದಿಲ್ಲ. ಟೆಂಡನ್ನಿನ ಕಥೆಯೂ ಹೆಚ್ಚುಕಡಿಮೆ ಹಾಗೇ. ಒಂದು ದೊಡ್ಡ ವ್ಯತ್ಯಾಸ ಮಾತ್ರ ಇದೆ. ಟೆಂಡನ್ ಜೀವಂತ. ಎಳೆತ ಬಿದ್ದಾಗ ಅದು ತನ್ನ ಎಳೆಗಳನ್ನು ತಾನೇ ಹೊಸದಾಗಿ ಜೋಡಿಸಿಕೊಳ್ಳುತ್ತದೆ, ಬಿಡುವು ಸಿಕ್ಕರೆ. ಬಿಡುವಿಲ್ಲದೆ ಎಳೆತ ಬಿದ್ದರೆ ಕೆಡುತ್ತದೆ. ಎಳೆತವೇ ಇಲ್ಲದಿದ್ದರೆ ಸೊರಗುತ್ತದೆ. ಸ್ನಾಯುವಿಗಿಂತ ಟೆಂಡನ್ನಿಗೆ ರಕ್ತದ ಓಡಾಟ ಕಡಿಮೆ, ಹಾಗಾಗಿ ಅದರ ದುರಸ್ತಿ ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯುತ್ತದೆ.

ಈ ಒಂದು ವಿಷಯ ಅರ್ಥವಾದರೆ ಚಿಕಿತ್ಸೆಯ ಮುಕ್ಕಾಲು ಪಾಲು ಅರ್ಥವಾದ ಹಾಗೆ. ನಾವು ಆರಿಸಬೇಕಾದ ಬೆಂಕಿ ಏನೂ ಅಲ್ಲಿಲ್ಲ. ಭಾರ ಹೊರುವ ತಾಕತ್ತು ಇಳಿದಿದೆ, ಅದನ್ನು ಮತ್ತೆ ಏರಿಸಬೇಕು. ಮೊದಲು ಹೊರೆ ಇಳಿಸುವುದು, ಆಮೇಲೆ ಅಳತೆ ಮಾಡಿ ಸ್ವಲ್ಪ ಸ್ವಲ್ಪವೇ ಹೊರೆ ಏರಿಸುವುದು.

ವಿಶ್ರಾಂತಿ ಅಂದರೆ ಜೋಳಿಗೆಯಲ್ಲಿ ಕೈ ಹಾಕಿ ಕೂರುವುದಲ್ಲ

ಅಕ್ಕನಿಗೆ ಯಾರೋ ಕ್ರೇಪ್ ಬ್ಯಾಂಡೇಜ್ ಸುತ್ತಿ ಒಂದು ತಿಂಗಳು ಕೈ ಅಲ್ಲಾಡಿಸಬೇಡಿ ಅಂದಿದ್ದರಂತೆ. ಪೂರ್ತಿ ವಿಶ್ರಾಂತಿಯಲ್ಲಿ ನೋವು ಕಡಿಮೆಯಾಗುವುದು ನಿಜ. ಆದರೆ ಆ ತಿಂಗಳಲ್ಲಿ ಸ್ನಾಯು ಮತ್ತು ಟೆಂಡನ್ ಇನ್ನಷ್ಟು ಸೊರಗುತ್ತವೆ. ಮತ್ತೆ ಒರಳು ಹಿಡಿದ ಮೊದಲ ದಿನವೇ ನೋವು ವಾಪಸ್ ಬರುತ್ತದೆ. “ರೆಸ್ಟ್ ಮಾಡಿದೆ, ಆದ್ರೂ ಹೋಗ್ಲಿಲ್ಲ” ಅಂತ ಬರುವವರಲ್ಲಿ ಹಲವರದ್ದು ಇದೇ ಕಥೆ.

ಇಲ್ಲಿ ವಿಶ್ರಾಂತಿ ಅಂದರೆ ನೋವು ಕೆರಳಿಸುವ ಕೆಲಸಗಳನ್ನು ಹುಡುಕಿ ಅವುಗಳನ್ನಷ್ಟೇ ಇಳಿಸುವುದು. ನಾನು ಅಕ್ಕನ ಹತ್ತಿರ ಒಂದು ದಿನದ ಕೆಲಸವನ್ನೆಲ್ಲ ಹೇಳಿಸಿಕೊಂಡೆ. ಚಪಾತಿ ಲಟ್ಟಿಸುವುದರಿಂದ ತೊಂದರೆ ಇರಲಿಲ್ಲ. ಕಸ ಗುಡಿಸಿದರೂ ಪರವಾಗಿಲ್ಲ. ನೋಯಿಸುತ್ತಿದ್ದದ್ದು ನಾಲ್ಕೇ. ಒರಳು ತಿರುಗಿಸುವುದು, ಬಟ್ಟೆ ಹಿಂಡುವುದು, ಇಕ್ಕಳ ಹಿಡಿಯುವುದು, ಬಕೆಟ್ ಎತ್ತುವುದು.

ಇಕ್ಕಳಕ್ಕೆ ಬದಲು ಎರಡೂ ಕೈಯಲ್ಲಿ ದಪ್ಪ ಬಟ್ಟೆ ಹಿಡಿದು ಪಾತ್ರೆಯನ್ನು ಮೈಗೆ ಹತ್ತಿರವಾಗಿ ಇಳಿಸಲು ಹೇಳಿದೆ. ಬಟ್ಟೆ ಹಿಂಡುವುದನ್ನು ಮಗನಿಗೆ ಒಪ್ಪಿಸಿದೆವು. ಅವನಿಲ್ಲದ ದಿನ ಬಟ್ಟೆಯನ್ನು ನಲ್ಲಿಗೆ ಸುತ್ತಿ, ಅದರ ಎರಡೂ ತುದಿಗಳನ್ನು ಸೇರಿಸಿ ಎಡಗೈಯಲ್ಲಿ ತಿರುಚುವುದು. ಏನೇ ಎತ್ತಿದರೂ ಅಂಗೈ ಮೇಲ್ಮುಖವಾಗಿರಲಿ, ಮೊಣಕೈ ಮಡಚಿ ಮೈಗೆ ಅಂಟಿಕೊಂಡಿರಲಿ. ಈ ಒಂದು ಅಭ್ಯಾಸವೇ ಮೊದಲ ವಾರದಲ್ಲಿ ಅರ್ಧ ನೋವು ಇಳಿಸಿತು ಅಂತ ಅವರೇ ಹೇಳಿದರು.

ಒರಳನ್ನು ಒಮ್ಮೆ ತಂದು ತೋರಿಸಿ ಅಂದೆ. ತಂದರು. ತಿರುಗಿಸುವ ಹಿಡಿ ಬೆರಳಿನಷ್ಟು ತೆಳ್ಳಗಿತ್ತು. ತೆಳ್ಳಗಿನ ಹಿಡಿಯನ್ನು ತಿರುಗಿಸಬೇಕಾದರೆ ಅದು ಜಾರದಂತೆ ಹೆಚ್ಚು ಬಿಗಿಯಾಗಿ ಅದುಮಬೇಕು. ಅದಕ್ಕೆ ಹಳೇ ಹತ್ತಿ ಬಟ್ಟೆಯನ್ನು ಬಿಗಿಯಾಗಿ ಸುತ್ತಿ ದಪ್ಪ ಮಾಡಿದೆವು. ಎಷ್ಟು ದಪ್ಪ ಅಂದರೆ, ಹಿಡಿದಾಗ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳು ಹಗುರವಾಗಿ ಮುಟ್ಟುವಷ್ಟು. ಒರಳಿನ ಸುರುಳಿಗೆ ನಾಲ್ಕು ಹನಿ ಅಡುಗೆ ಎಣ್ಣೆ ಬಿಡಲು ಹೇಳಿದೆ.

ಹಿಟ್ಟಿನ ವಿಷಯ ಮಾತ್ರ ನನಗೆ ಅವರೇ ಹೇಳಿಕೊಟ್ಟರು. ಬೆಳಿಗ್ಗೆ ಎಲ್ಲ ಹಿಟ್ಟನ್ನೂ ಒಟ್ಟಿಗೆ ಕಲಸಿಡುತ್ತಿದ್ದರಂತೆ. ಮಧ್ಯಾಹ್ನದ ಹೊತ್ತಿಗೆ ಅದು ಒಣಗಿ ಬಿಗಿಯಾಗುತ್ತಿತ್ತು. ಕೊನೆಯ ಎರಡು ಕೆಜಿ ಒತ್ತುವಾಗಲೇ ಕೈ ಸೋಲುತ್ತಿತ್ತು. ಈಗ ಒಂದೊಂದು ಕೆಜಿಯಷ್ಟೇ ಕಲಸಿ, ಒದ್ದೆ ಬಟ್ಟೆ ಮುಚ್ಚಿಟ್ಟು ಒತ್ತುತ್ತಾರೆ. ಮೃದು ಹಿಟ್ಟಿಗೆ ಕಡಿಮೆ ಬಲ ಸಾಕು. ಇಷ್ಟು ಸಣ್ಣ ಬದಲಾವಣೆ ಟೆಂಡನ್ನಿಗೆ ಎಷ್ಟು ಉಪಕಾರ ಮಾಡುತ್ತದೆ ಅಂತ ಯೋಚಿಸಿದರೆ ನನಗೆ ಈಗಲೂ ಖುಷಿಯಾಗುತ್ತದೆ.

ವ್ಯಾಯಾಮ: ಮೊದಲು ಅಲುಗಾಡಿಸದೆ

ಮೊದಲ ದಿನ ಹಿಡಿತ ಅಳೆಯುವ ಯಂತ್ರ ಕೈಗೆ ಕೊಟ್ಟು ಅವರ ಹಿಡಿತ ಅಳೆದೆ. ಮೊಣಕೈ ಚಾಚಿ, ನೋವು ಶುರುವಾಗುವ ತನಕ ಮಾತ್ರ ಒತ್ತಿ ಅಂದೆ. ಎಡಗೈ 21 ಕೆಜಿ ಬಂತು. ಬಲಗೈ 8ಕ್ಕೇ ನಿಂತಿತು. ನೋವಿಲ್ಲದೆ ಎಷ್ಟು ಹಿಡಿಯಬಹುದು ಅನ್ನುವ ಈ ಅಳತೆ ಗುಣವಾಗುತ್ತಿದೆಯೋ ಇಲ್ಲವೋ ಅಂತ ಹೇಳಲು ತುಂಬ ಉಪಯೋಗ. ಮನೆಯಲ್ಲಿ ಯಂತ್ರ ಇರುವುದಿಲ್ಲವಲ್ಲ, ಅದಕ್ಕೆ ಬೆಳಗಿನ ಕಾಫಿ ಲೋಟವನ್ನೇ ಅಳತೆಗೋಲು ಮಾಡಿಕೊಂಡೆವು. ದಿನಾ ಬೆಳಿಗ್ಗೆ ಅದೇ ಲೋಟ ಎತ್ತಿದಾಗ ನೋವಿಗೆ ಹತ್ತಕ್ಕೆ ಎಷ್ಟು ಅಂಕ ಅಂತ ಕ್ಯಾಲೆಂಡರ್ ಮೇಲೆ ಬರೆಯುವುದು. ಮೊದಲ ದಿನ 6.

ಮೊದಲ ಎರಡು ವಾರ ಒಂದೇ ವ್ಯಾಯಾಮ. ಕುರ್ಚಿಯಲ್ಲಿ ಕೂತು, ಮೊಣಕೈ ಮಡಚಿ, ಮುಂಗೈಯನ್ನು ಮೇಜಿನ ಮೇಲೆ ಇಡಬೇಕು. ಅಂಗೈ ಕೆಳಮುಖ, ಮಣಿಕಟ್ಟು ಮೇಜಿನ ಅಂಚಿನಿಂದ ಹೊರಗೆ. ಬೆರಳು ಸಡಿಲವಾಗಿರಲಿ. ಇನ್ನೊಂದು ಕೈಯನ್ನು ಈ ಕೈಯ ಹಿಂಬದಿಯ ಮೇಲೆ ಇಟ್ಟು ಕೆಳಕ್ಕೆ ಒತ್ತಬೇಕು. ಕೆಳಗಿನ ಕೈ ಮೇಲಕ್ಕೆ ಒತ್ತಬೇಕು. ಎರಡೂ ಸಮ, ಕೈ ಅಲುಗಬಾರದು. ಪೂರ್ತಿ ಬಲದಲ್ಲಿ ಸುಮಾರು ಅರ್ಧ ಸಾಕು. ಹೀಗೆ 30 ಸೆಕೆಂಡ್ ಹಿಡಿದು, ಒಂದು ನಿಮಿಷ ಬಿಡುವು. ಐದು ಸಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಅಭ್ಯಾಸವಾದ ಮೇಲೆ 45 ಸೆಕೆಂಡಿಗೆ ಏರಿಸಬಹುದು. ಅಲುಗಾಡದೆ ಬಲ ಹಾಕಿದಾಗ ಟೆಂಡನ್ ಕೆರಳದೆ ಕೆಲಸ ಮಾಡುತ್ತದೆ. ಕೆಲವರಿಗೆ ಮಾಡಿದ ಮೇಲೆ ಸ್ವಲ್ಪ ಹೊತ್ತು ನೋವು ಇಳಿಯುವುದೂ ಉಂಟು.

ಇಲ್ಲಿ ಒಂದು ತಪ್ಪು ತುಂಬ ಜನ ಮಾಡುತ್ತಾರೆ. ಸ್ಪಂಜಿನ ಚೆಂಡು ತಂದು ಟಿವಿ ನೋಡುತ್ತಾ ನೂರು ಸಲ ಅದುಮುತ್ತಾರೆ. ಕೈಗೆ ಬಲ ಬರಲಿ ಅಂತ. ಆದರೆ ಈ ನೋವು ಬಂದದ್ದೇ ಮತ್ತೆ ಮತ್ತೆ ಅದುಮಿದ್ದರಿಂದ ಅಲ್ವಾ? ಹಿಡಿತದ ವ್ಯಾಯಾಮ ಬರಬೇಕಾದ್ದು ಕೊನೆಯಲ್ಲಿ. ಇನ್ನು ಕೆಲವರು ಮೊಣಕೈ ನೆಟ್ಟಗೆ ಚಾಚಿ, ಮಣಿಕಟ್ಟನ್ನು ಒಳಕ್ಕೆ ಮಡಚಿ ಜೋರಾಗಿ ಎಳೆಯುತ್ತಾರೆ. ಆ ಭಂಗಿಯಲ್ಲಿ ಟೆಂಡನ್ ಮೂಳೆಗೆ ಒತ್ತಿಕೊಳ್ಳುತ್ತದೆ. ಎಳೆಯಬೇಕೆಂದರೆ ಹಿತವಾಗಿ ಬಿಗಿ ಅನ್ನಿಸುವಷ್ಟು ಮಾತ್ರ, 30 ಸೆಕೆಂಡ್, ಎರಡು ಮೂರು ಸಲ. ಚುಚ್ಚಿದರೆ ಬಿಟ್ಟುಬಿಡಿ, ಅದು ಕಡ್ಡಾಯವೇನಲ್ಲ.

ಆಮೇಲೆ ನೀರಿನ ಬಾಟಲಿ

ಮೂರನೇ ವಾರ ಲೋಟದ ಅಂಕ 4ಕ್ಕೆ ಇಳಿದಿತ್ತು. ಆಗ ತೂಕ ಶುರು ಮಾಡಿದೆವು. ಡಂಬೆಲ್ ಬೇಡ, ನೀರಿನ ಬಾಟಲಿ ಸಾಕು. ಅರ್ಧ ಲೀಟರ್ ನೀರು ಅಂದರೆ ಅರ್ಧ ಕೆಜಿ. ತೂಕ ಏರಿಸಬೇಕಾದಾಗ ನೀರು ತುಂಬಿಸಿದರೆ ಆಯಿತು. ಒಂದು ಲೀಟರ್ ಬಾಟಲಿಗೆ ಅರ್ಧ ನೀರು ಹಾಕಿ, ಬಾಟಲಿಯ ಕುತ್ತಿಗೆಗೆ ಅಗಲವಾದ ಬಟ್ಟೆಪಟ್ಟಿ ಕಟ್ಟಿ ಕೈ ಹಿಂಬದಿಗೆ ತಗುಲಿಸಿದೆವು. ಗಟ್ಟಿಯಾಗಿ ಹಿಡಿಯುವ ಅಗತ್ಯವೇ ಬರಬಾರದು ಅಂತ.

ಕೂರುವ ಭಂಗಿ ಮೊದಲಿನದೇ. ಮುಂಗೈ ಮೇಜಿನ ಮೇಲೆ, ಅಂಗೈ ಕೆಳಮುಖ, ಮಣಿಕಟ್ಟು ಅಂಚಿನಾಚೆ. ಎಡಗೈಯಿಂದ ಬಲಗೈಯನ್ನು ಮೇಲಕ್ಕೆ ಎತ್ತಬೇಕು. ಆಮೇಲೆ ಎಡಗೈ ಬಿಟ್ಟು, ಬಲಗೈ ಒಂದೇ ನಿಧಾನವಾಗಿ ಕೆಳಕ್ಕೆ ಇಳಿಸಬೇಕು. ಮನಸ್ಸಿನಲ್ಲಿ ಒಂದು, ಎರಡು, ಮೂರು, ನಾಲ್ಕು ಎಣಿಸುತ್ತಾ. ಮತ್ತೆ ಎಡಗೈ ಸಹಾಯದಿಂದ ಮೇಲಕ್ಕೆ. ಏರಿಸುವುದಕ್ಕಿಂತ ಇಳಿಸುವುದು ಇಲ್ಲಿ ಮುಖ್ಯ. ಭಾರ ಹಿಡಿದುಕೊಂಡೇ ಸ್ನಾಯು ಉದ್ದವಾಗುವಾಗ ಟೆಂಡನ್ನಿಗೆ ನಿಧಾನವಾದ, ಹಿಡಿತದಲ್ಲಿರುವ ಎಳೆತ ಸಿಗುತ್ತದೆ. ಮೊದಲ ವಾರ ಹತ್ತು ಸಲದ ಮೂರು ಸುತ್ತು, ಆಮೇಲೆ ಹದಿನೈದರ ಮೂರು ಸುತ್ತು. ಸುತ್ತುಗಳ ನಡುವೆ ಒಂದೆರಡು ನಿಮಿಷ ಬಿಡುವು. ದಿನ ಬಿಟ್ಟು ದಿನ.

ನೋವು ಬಂದರೆ ನಿಲ್ಲಿಸಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಹತ್ತಕ್ಕೆ ಮೂರರವರೆಗೆ ನೋವಿದ್ದರೆ ಮುಂದುವರಿಸಬಹುದು. ನಿಜವಾದ ಪರೀಕ್ಷೆ ಮರುದಿನ ಬೆಳಿಗ್ಗೆ. ಲೋಟದ ಅಂಕ ನಿನ್ನೆಯಷ್ಟೇ ಇದ್ದರೆ ಅಥವಾ ಕಡಿಮೆಯಿದ್ದರೆ ಕೊಟ್ಟ ಹೊರೆ ಸರಿಯಾಗಿದೆ. ಜಾಸ್ತಿಯಾಗಿದ್ದರೆ ನಿನ್ನೆ ಅತಿಯಾಯಿತು ಅಂತ ಅರ್ಥ. ಆಗ ನೀರು ಕಡಿಮೆ ಮಾಡಬೇಕು, ವ್ಯಾಯಾಮ ಬಿಡಬಾರದು. ಸ್ವಲ್ಪವೂ ನೋವೇ ಆಗದಿದ್ದರೆ, ಕೊನೆಯ ಸುತ್ತಿನಲ್ಲೂ ಕೈ ದಣಿಯದಿದ್ದರೆ, ಇನ್ನೊಂದು ಕಾಲು ಲೀಟರ್ ನೀರು ಹಾಕುವ ಕಾಲ ಬಂದಿದೆ.

ದೀಪಾವಳಿಯ ಎಡವಟ್ಟು

ಮೂರನೇ ವಾರದ ಕೊನೆಗೆ ದೀಪಾವಳಿ ಬಂತು. ಹಳೇ ಗಿರಾಕಿಗಳಿಗೆ ಇಲ್ಲ ಅನ್ನಲಾಗದೆ ಅಕ್ಕ ಒಂದೇ ದಿನ ಆರು ಕೆಜಿ ಹಿಟ್ಟಿನ ಚಕ್ಕುಲಿ ಒತ್ತಿಬಿಟ್ಟರು. ಆ ದಿನ ಅಷ್ಟೇನೂ ನೋಯಲಿಲ್ಲ. ಮರುದಿನ ಬೆಳಿಗ್ಗೆ ಲೋಟದ ಅಂಕ 7. ಮೊದಲ ದಿನಕ್ಕಿಂತಲೂ ಜಾಸ್ತಿ. “ಎಲ್ಲ ನೀರಲ್ಲಿ ಹೋಮ ಆಯ್ತು ಮೇಡಂ” ಅಂತ ಕಣ್ಣಲ್ಲಿ ನೀರು ತಂದುಕೊಂಡರು.

ಹಾಗೇನೂ ಆಗಿರಲಿಲ್ಲ. ಒಂದು ದಿನದ ಅತಿಯಾದ ಕೆಲಸಕ್ಕೆ ಟೆಂಡನ್ ಕೆರಳುತ್ತದೆ. ಆದರೆ ಮೂರು ವಾರ ಗಳಿಸಿದ ತಾಕತ್ತು ಒಂದು ದಿನದಲ್ಲಿ ಕಳೆದುಹೋಗುವುದಿಲ್ಲ. ನಾಲ್ಕು ದಿನ ಬಾಟಲಿ ಬಿಟ್ಟು, ಅಲುಗಾಡಿಸದೆ ಹಿಡಿಯುವ ಮೊದಲ ವ್ಯಾಯಾಮಕ್ಕೇ ಮರಳಿದೆವು. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಟ್ಟರು. ನೋವಿನ ಜೆಲ್ ಹಚ್ಚಿದರು. ಇವೆರಡೂ ಟೆಂಡನ್ನನ್ನು ರಿಪೇರಿ ಮಾಡುವುದಿಲ್ಲ, ನೋವು ತಗ್ಗಿಸಿ ರಾತ್ರಿ ನಿದ್ದೆಗೆ ಬಿಡುತ್ತವೆ, ಅಷ್ಟು ಸಾಕು. ಐದನೇ ದಿನ ಅಂಕ 4ಕ್ಕೆ ವಾಪಸ್ ಬಂತು. ಮತ್ತೆ ಬಾಟಲಿ.

ಆ ನಡುವೆಯೇ ಅವರು ಇಂಜೆಕ್ಷನ್ ಬಗ್ಗೆ ಕೇಳಿದ್ದು. ಪಕ್ಕದ ಬೀದಿಯವರೊಬ್ಬರಿಗೆ ಒಂದೇ ಇಂಜೆಕ್ಷನ್ನಿಗೆ ನೋವು ಮಾಯವಾಗಿತ್ತಂತೆ. ಅದು ಸುಳ್ಳಲ್ಲ. ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟ ಕೆಲವೇ ದಿನದಲ್ಲಿ ನೋವು ಇಳಿಯುತ್ತದೆ. ಮುಂದಿನ ಕಥೆ ನೋಡಬೇಕು. 2002ರಲ್ಲಿ ನೆದರ್ಲೆಂಡ್ಸಿನ ಒಂದು ಅಧ್ಯಯನದ ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 185 ಜನರನ್ನು ಮೂರು ಗುಂಪು ಮಾಡಿದ್ದರು. ಒಂದಕ್ಕೆ ಸ್ಟಿರಾಯ್ಡ್ ಇಂಜೆಕ್ಷನ್, ಒಂದಕ್ಕೆ ಫಿಸಿಯೋಥೆರಪಿ, ಇನ್ನೊಂದಕ್ಕೆ ಬರೀ ಸಲಹೆ ಕೊಟ್ಟು ಕಾಯುವುದು. ಆರು ವಾರಕ್ಕೆ ಇಂಜೆಕ್ಷನ್ ಗುಂಪಿನಲ್ಲಿ ನೂರಕ್ಕೆ 92 ಜನ ಚೆನ್ನಾಗಿದ್ದರು. ಫಿಸಿಯೋಥೆರಪಿಯಲ್ಲಿ 47, ಕಾದವರಲ್ಲಿ 32. ಇಲ್ಲಿಗೇ ನಿಲ್ಲಿಸಿದರೆ ಇಂಜೆಕ್ಷನ್ನೇ ಗೆದ್ದಂತೆ. ಆದರೆ ಒಂದು ವರ್ಷಕ್ಕೆ ಲೆಕ್ಕ ತಿರುಗಿತ್ತು. ಇಂಜೆಕ್ಷನ್ ಗುಂಪಿನಲ್ಲಿ 69, ಫಿಸಿಯೋಥೆರಪಿಯಲ್ಲಿ 91, ಸುಮ್ಮನೆ ಕಾದವರಲ್ಲೂ 83.

ಯಾಕೆ ಹೀಗೆ? ನೋವು ಹೋದ ಕೂಡಲೇ ಜನ ಮತ್ತೆ ಪೂರ್ತಿ ಕೆಲಸಕ್ಕೆ ಇಳಿಯುವುದು ಒಂದು ಕಾರಣ ಇರಬಹುದು. ಸ್ಟಿರಾಯ್ಡ್ ಟೆಂಡನ್ನಿನ ಎಳೆಗಳನ್ನು ಬಲಗೊಳಿಸುವುದಿಲ್ಲ, ಬದಲಿಗೆ ದುರ್ಬಲ ಮಾಡಬಹುದು ಅನ್ನುವುದು ಇನ್ನೊಂದು. ಮೊದಲ ತಿಂಗಳಲ್ಲೇ ಇಂಜೆಕ್ಷನ್ ತಗೊಳ್ಳಬೇಡಿ ಅಂತ ನಾನು ಅಕ್ಕನಿಗೆ ನೇರವಾಗಿಯೇ ಹೇಳಿದೆ. ಈ ಲೆಕ್ಕದಲ್ಲಿ ಇನ್ನೊಂದು ವಿಷಯವೂ ಇದೆ. ಏನೂ ವಿಶೇಷ ಮಾಡದೆ ಕಾದವರಲ್ಲೂ ಹೆಚ್ಚಿನವರು ವರ್ಷದೊಳಗೆ ಗುಣವಾದರು. ಅಂದರೆ ಇದು ಕೈಯನ್ನು ಕಾಯಂ ಹಾಳುಮಾಡುವ ಕಾಯಿಲೆ ಅಲ್ಲ. ಆಪರೇಷನ್ ಮಾತು ಬರುವುದು ಆರೇಳು ತಿಂಗಳಿಂದ ಒಂದು ವರ್ಷ ಸರಿಯಾಗಿ ವ್ಯಾಯಾಮ ಮಾಡಿಯೂ ಇಳಿಯದ ಕೆಲವರಿಗೆ ಮಾತ್ರ. ತೆಂಡೂಲ್ಕರ್ 2005ರಲ್ಲಿ ಲಂಡನ್ನಿನಲ್ಲಿ ಮಾಡಿಸಿಕೊಂಡರು. ಅವರ ಕೈಗೆ ಬೀಳುವ ಹೊರೆಯೇ ಬೇರೆ.

ಮೆಡಿಕಲ್ ಶಾಪಿನಲ್ಲಿ ಸಿಗುವ ಟೆನ್ನಿಸ್ ಎಲ್ಬೋ ಪಟ್ಟಿ ಕೆಲಸದ ಹೊತ್ತಿನಲ್ಲಿ ಹಲವರಿಗೆ ಸಹಾಯ ಮಾಡುತ್ತದೆ. ಅದನ್ನು ನೋಯುವ ಮೂಳೆಯ ಮೇಲೇ ಕಟ್ಟುವುದು ಸಾಮಾನ್ಯ ತಪ್ಪು. ಮೂಳೆಯಿಂದ ಎರಡು ಬೆರಳಷ್ಟು ಕೆಳಗೆ, ಮಾಂಸದ ಮೇಲೆ ಕಟ್ಟಬೇಕು. ಮುಷ್ಟಿ ಬಿಗಿದಾಗ ನೋವು ಕಡಿಮೆಯಾದರೆ ಜಾಗ ಸರಿ. ಬೆರಳು ಜುಮ್ಮೆಂದರೆ ತುಂಬ ಬಿಗಿಯಾಗಿದೆ. ರಾತ್ರಿ ತೆಗೆದಿಡಿ.

ಯಾವಾಗ ಇದು ಬೇರೆ ಏನೋ

ಹೊರಬದಿಯಲ್ಲಿ ನೋಯುವುದೆಲ್ಲ ಟೆನ್ನಿಸ್ ಎಲ್ಬೋ ಅಲ್ಲ. ನೋವಿನ ಜಾಗ ಮೂಳೆಯಿಂದ ಮೂರು ನಾಲ್ಕು ಬೆರಳು ಕೆಳಗಿದ್ದು, ರಾತ್ರಿ ಹೊತ್ತು ಒಳಗೊಳಗೇ ಸೆಳೆಯುತ್ತಿದ್ದರೆ ಅಲ್ಲಿ ಹಾದುಹೋಗುವ ನರ ಒತ್ತಿಕೊಂಡಿರಬಹುದು. ಕತ್ತು ತಿರುಗಿಸಿದಾಗ ನೋವು ಬದಲಾದರೆ, ಬೆರಳಿಗೆ ಜೋಮು ಹಿಡಿದರೆ, ಕತ್ತನ್ನು ನೋಡಿಸಬೇಕು. ಬಿದ್ದ ಮೇಲೆ ಶುರುವಾದ ನೋವು, ಮೊಣಕೈ ಊದಿ ಕೆಂಪಾಗಿ ಬಿಸಿಯಾಗಿರುವುದು, ಜೊತೆಗೆ ಜ್ವರ, ಕೈ ಪೂರ್ತಿ ಮಡಚಲು ಅಥವಾ ಚಾಚಲು ಆಗದೆ ಸಿಕ್ಕಿಹಾಕಿಕೊಳ್ಳುವುದು, ಬೆರಳು ಅಥವಾ ಮಣಿಕಟ್ಟು ಮೇಲೆತ್ತಲು ಶಕ್ತಿಯೇ ಇಲ್ಲದಿರುವುದು, ಇವುಗಳಲ್ಲಿ ಯಾವುದಿದ್ದರೂ ಮನೆಯಲ್ಲಿ ವ್ಯಾಯಾಮ ಮಾಡುತ್ತಾ ಕೂರದೆ ಡಾಕ್ಟರಿಗೆ ತೋರಿಸಿ. ಇಂಥ ಲಕ್ಷಣ ಇಲ್ಲದ ಸಾಮಾನ್ಯ ಟೆನ್ನಿಸ್ ಎಲ್ಬೋಗೆ ಎಕ್ಸ್‌ರೇ ಕೂಡ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಜಾಗ ಒತ್ತಿ, ಬೆರಳು ಎತ್ತಿಸಿ ನೋಡಿದರೆ ಗೊತ್ತಾಗುತ್ತದೆ.

ಅಕ್ಕ ಎಂಟನೇ ವಾರಕ್ಕೆ ಮುಕ್ಕಾಲು ಲೀಟರಿಗೆ ಬಂದರು. ಆಗ ಮೊಣಕೈಯನ್ನು ಮಡಚದೆ ಚಾಚಿಕೊಂಡು ಅದೇ ವ್ಯಾಯಾಮ ಮಾಡಿಸಿದೆ. ಬಾಟಲಿಯನ್ನು ತಗುಲಿಸಿಕೊಳ್ಳದೆ ಕೈಯಲ್ಲೇ ಹಿಡಿಯಲು ಹೇಳಿದೆ. ಹತ್ತನೇ ವಾರ ಒಣಗಿದ ಟವಲನ್ನು ಸುರುಳಿ ಮಾಡಿ, ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಚಿ ಬಿಡುವುದನ್ನು ಸೇರಿಸಿದೆವು. ಬಟ್ಟೆ ಹಿಂಡುವುದಕ್ಕೂ ಒರಳು ತಿರುಗಿಸುವುದಕ್ಕೂ ಇದೇ ಪೂರ್ವಸಿದ್ಧತೆ. ಸಂಕ್ರಾಂತಿ ಹೊತ್ತಿಗೆ ಹನ್ನೆರಡು ವಾರ ಮುಗಿದಿತ್ತು. ಬಲಗೈ ಹಿಡಿತ 19 ಕೆಜಿ, ಲೋಟದ ಅಂಕ 1. ಎಳ್ಳು ಬೆಲ್ಲದ ಪೊಟ್ಟಣ ಕೊಡಲು ಬಂದವರು ಒರಳಿನ ಲೆಕ್ಕ ಒಪ್ಪಿಸಿದರು. ಒಂದು ದಿನಕ್ಕೆ ಎರಡು ಕೆಜಿ ಹಿಟ್ಟು, ಪ್ರತಿ ಕಾಲು ಗಂಟೆಗೆ ಐದು ನಿಮಿಷ ಕೈ ಬದಲಾವಣೆ, ಅಂದರೆ ಆಗ ಕರಿಯುವುದು, ಡಬ್ಬಿ ತುಂಬುವುದು. ಪ್ರತಿ ವಾರ ಅರ್ಧ ಕೆಜಿ ಏರಿಸುತ್ತಾ ಯುಗಾದಿಗೆ ಮೊದಲಿನಷ್ಟು ಆರ್ಡರ್ ತಗೊಳ್ಳಬಹುದು ಅಂತ ಇಬ್ಬರೂ ಲೆಕ್ಕ ಹಾಕಿದೆವು. ವಾರಕ್ಕೆ ಎರಡು ದಿನ ಬಾಟಲಿ ಮಾತ್ರ ಬಿಡಬೇಡಿ ಅಂದೆ. ಅದು ಈಗ ಪೂರ್ತಿ ಒಂದು ಲೀಟರ್.